ಅತ್ತೆಗೆ ನೆಗಡಿ ಹೋಗಿದ್ದು ಆ ಎರಡು ಮಾತ್ರೆಯಿಂದಲೋ, ಅಲ್ಲವೋ?

ವಾಣಿ, ವಿಜಯನಗರ · ಬುಧವಾರ ರಾತ್ರಿ 9.40

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಒಂದು ಮಾತ್ರೆಯ ಬಗ್ಗೆ ಎರಡು ದಿನದಿಂದ ಮಾತು ನಡೆಯುತ್ತಿದೆ. ಗೊತ್ತಿರುವವರು ಬಿಡಿಸಿ ಹೇಳಿ.

ಹೋದ ವಾರ ಅತ್ತೆಗೆ ನೆಗಡಿ ಆಯಿತು. ಅವರಿಗೆ 61 ವರ್ಷ, ಸಕ್ಕರೆ ಕಾಯಿಲೆ ಇಲ್ಲ. ಸೋಮವಾರ ಗಂಟಲು ಕೆರೆತ ಶುರು. ಮಂಗಳವಾರ ಮೂಗು ನೀರಿನ ಹಾಗೆ ಸುರಿಯಿತು. ಬುಧವಾರ ಮೂಗು ಕಟ್ಟಿ, ಮೈಕೈ ನೋವು. ಗುರುವಾರ ಸಿಂಬಳ ಹಳದಿ ಹಸಿರು ಬಣ್ಣಕ್ಕೆ ತಿರುಗಿತು. ಅದನ್ನು ನೋಡಿ ಹೆದರಿ ಹತ್ತಿರದ ಮೆಡಿಕಲ್ ಶಾಪ್‌ಗೆ ಹೋದರು. ಡಾಕ್ಟರ್ ಚೀಟಿ ಇರಲಿಲ್ಲ. ಅಜಿತ್ರೊಮೈಸಿನ್ 500, ದಿನಕ್ಕೊಂದರಂತೆ ಮೂರು ಮಾತ್ರೆ ಕೊಟ್ಟರಂತೆ. ಗುರುವಾರ ರಾತ್ರಿ ಒಂದು, ಶುಕ್ರವಾರ ಒಂದು ತಗೊಂಡರು. ಶನಿವಾರ ಬೆಳಿಗ್ಗೆ ಎದ್ದಾಗ ಹಗುರ ಆಗಿತ್ತು. ಮೂರನೆಯದು ಹಾಗೇ ಉಳಿಯಿತು.

ಈಗ ನನ್ನ ಮಗನಿಗೆ ಅದೇ ನೆಗಡಿ. 9 ವರ್ಷ, 26 ಕೆಜಿ. ಇವತ್ತು ಮೂರನೇ ದಿನ. ಮಕ್ಕಳ ಡಾಕ್ಟರ್ ನೋಡಿ, "ವೈರಸ್, ಆಂಟಿಬಯೋಟಿಕ್ ಬೇಡ" ಅಂದು ಜ್ವರ ಬಂದರೆ ಮಾತ್ರ ಪ್ಯಾರಾಸಿಟಮಾಲ್ ಕೊಡಿ ಎಂದರು. ಅತ್ತೆ ಮಾತ್ರ ಫ್ರಿಜ್ ಮೇಲಿರುವ ಆ ಒಂದು ಮಾತ್ರೆ ಅರ್ಧ ಮಾಡಿ ಕೊಡು ಅಂತಿದ್ದಾರೆ. "ನನಗೆ ಎರಡೇ ಮಾತ್ರೆಗೆ ಹೋಗಲಿಲ್ವಾ?" ಎನ್ನುತ್ತಾರೆ. ಅವರ ಕಣ್ಣಿಗೆ ಕಂಡಿದ್ದು ಅದು. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ವೈರಸ್ ಆದರೇನು, ಬ್ಯಾಕ್ಟೀರಿಯಾ ಆದರೇನು, ಎರಡೂ ರೋಗಾಣುವೇ ಅಲ್ವಾ? ಒಂದಕ್ಕೆ ಕೆಲಸ ಮಾಡುವ ಔಷಧಿ ಇನ್ನೊಂದಕ್ಕೆ ಯಾಕೆ ಮಾಡುವುದಿಲ್ಲ?

---

ಕುಮಾರ್, ಪೀಣ್ಯ · ರಾತ್ರಿ 10.05

ಮೇಡಂ, ಇದು ಗಾತ್ರದ ವಿಷಯ. ಬ್ಯಾಕ್ಟೀರಿಯಾ ದೊಡ್ಡದು, ವೈರಸ್ ತುಂಬಾ ಚಿಕ್ಕದು. ಆಂಟಿಬಯೋಟಿಕ್ ದೊಡ್ಡದನ್ನು ಹಿಡಿಯುತ್ತದೆ, ಚಿಕ್ಕದು ಕೈಗೆ ಸಿಗುವುದಿಲ್ಲ. ಮೊದಲು ನೀರಿನ ಹಾಗೆ ಸುರಿಯುವಾಗ ವೈರಸ್. ಹಸಿರು ಆಯಿತು ಅಂದರೆ ಬ್ಯಾಕ್ಟೀರಿಯಾ ಸೇರಿಕೊಂಡಿತು ಅಂತ. ಆವಾಗ ಆಂಟಿಬಯೋಟಿಕ್ ಬೇಕೇ ಬೇಕು. ನಿಮ್ಮ ಅತ್ತೆ ಸರಿಯಾದ ಹೊತ್ತಿಗೇ ತಗೊಂಡಿದ್ದಾರೆ. ಮಗನಿಗೂ ಬಣ್ಣ ನೋಡಿಕೊಂಡು ನಿರ್ಧಾರ ಮಾಡಿ.

---

ಶಾರದಾ, ಮಲ್ಲೇಶ್ವರ · ರಾತ್ರಿ 10.50

ವಾಣಿ, ಮೊದಲು ಆ ಮಾತ್ರೆ ಮಗುವಿಗೆ ಕೊಡಬೇಡಿ. ಉಳಿದದ್ದು ಆಮೇಲೆ ಮಾತಾಡೋಣ. ಮಕ್ಕಳಿಗೆ ಈ ಔಷಧಿಯನ್ನು ತೂಕದ ಲೆಕ್ಕದಲ್ಲಿ ಕೊಡುತ್ತಾರೆ. ಆ 500 ದೊಡ್ಡವರ ಅಳತೆ. ಕತ್ತರಿಸಿ ಅಂದಾಜಿನಲ್ಲಿ ಕೊಡುವ ವಸ್ತು ಅದಲ್ಲ.

ನಾನು ಒಂದು ಆಸ್ಪತ್ರೆಯ ಮೈಕ್ರೋಬಯಾಲಜಿ ಲ್ಯಾಬ್‌ನಲ್ಲಿ 27 ವರ್ಷ ಕೆಲಸ ಮಾಡಿ ನಿವೃತ್ತಳಾದವಳು. ಕೈಯಾರೆ ಮಾಡಿದ್ದನ್ನೇ ಹೇಳುತ್ತೇನೆ.

ರೋಗಿಯ ಕೀವು ಬಂತು ಅಂದುಕೊಳ್ಳಿ. ಅದರಲ್ಲಿರುವ ಬ್ಯಾಕ್ಟೀರಿಯಾವನ್ನು ಅಗರ್ ತಟ್ಟೆಯ ಮೇಲೆ ಹತ್ತಿ ಕಡ್ಡಿಯಿಂದ ತೆಳ್ಳಗೆ ಸವರುತ್ತೇವೆ. ಅಗರ್ ಅಂದರೆ ಕಡಲ ಪಾಚಿಯಿಂದ ಮಾಡಿದ ಜೆಲ್ಲಿ, ಅದರಲ್ಲಿ ಊಟ ಬೆರೆಸಿರುತ್ತದೆ. ಅದರ ಮೇಲೆ ಔಷಧಿ ಅದ್ದಿದ ಚಿಕ್ಕ ಕಾಗದದ ಬಿಲ್ಲೆಗಳನ್ನು ಇಡುತ್ತೇವೆ. ಒಂದೊಂದು 6 ಮಿಲಿಮೀಟರ್. ರಾತ್ರಿಯೆಲ್ಲ ಬೆಚ್ಚಗೆ ಇಟ್ಟರೆ ಬೆಳಿಗ್ಗೆ ತಟ್ಟೆ ತುಂಬಾ ಹಾಲಿನ ಕೆನೆ ಹರಡಿದ ಹಾಗೆ ಬೆಳೆದಿರುತ್ತದೆ. ಆದರೆ ಕೆಲಸ ಮಾಡುವ ಬಿಲ್ಲೆಯ ಸುತ್ತ ಬೋಳು ವೃತ್ತ. ಅಲ್ಲಿ ಏನೂ ಬೆಳೆದಿರುವುದಿಲ್ಲ. ಆ ವೃತ್ತವನ್ನು ಸ್ಕೇಲ್ ಹಿಡಿದು ಅಳೆದು ರಿಪೋರ್ಟ್ ಬರೆಯುತ್ತಿದ್ದೆ.

ಈಗ ಅದೇ ತಟ್ಟೆಗೆ ನಿಮ್ಮ ಮಗನ ನೆಗಡಿಯ ವೈರಸ್ ಒಂದನ್ನೇ ಸವರಿ. ಒಂದು ತಿಂಗಳು ಇಟ್ಟರೂ ಏನೂ ಬೆಳೆಯುವುದಿಲ್ಲ. ಬಿಲ್ಲೆ ಇಡಲಿ ಬಿಡಲಿ, ತಟ್ಟೆ ಖಾಲಿಯೇ. ಯಾಕಂದರೆ ಊಟ ಎದುರಿಗಿದ್ದರೂ ಉಣ್ಣಲು ವೈರಸ್‌ಗೆ ಬಾಯಿಯೂ ಇಲ್ಲ, ಬೇಯಿಸಲು ಒಲೆಯೂ ಇಲ್ಲ. ಬ್ಯಾಕ್ಟೀರಿಯಾ ಒಂದು ಪೂರ್ತಿ ಸಂಸಾರ. ತನ್ನ ಗೋಡೆ, ತನ್ನ ಅಡುಗೆಮನೆ, ಎಲ್ಲ ತನ್ನದೇ. ವೈರಸ್ ಬರೀ ಒಂದು ಚೀಟಿ, ಅದಕ್ಕೊಂದು ಪ್ರೋಟೀನ್ ಲಕೋಟೆ. ಚೀಟಿಯಲ್ಲಿ "ನನ್ನಂಥವನ್ನೇ ಮಾಡು" ಅಂತ ಬರೆದಿರುತ್ತದೆ. ಅದು ಮೂಗಿನ ಒಳಪೊರೆಯ ಜೀವಕೋಶಕ್ಕೆ ಹೊಕ್ಕಾಗ ನಮ್ಮ ಅಡುಗೆಮನೆಯೇ ಅದನ್ನು ಓದಿ ಕೆಲಸ ಶುರು ಮಾಡುತ್ತದೆ.

ಆಂಟಿಬಯೋಟಿಕ್ ಎಲ್ಲಿ ಹೊಡೆಯುತ್ತದೆ ನೋಡಿ. ಅಮಾಕ್ಸಿಸಿಲಿನ್ ಬ್ಯಾಕ್ಟೀರಿಯಾದ ಗೋಡೆಗೆ ಹೊಡೆಯುತ್ತದೆ. ಬ್ಯಾಕ್ಟೀರಿಯಾ ಬೆಳೆಯಬೇಕಾದರೆ ಗೋಡೆಯನ್ನು ಅಲ್ಲಲ್ಲಿ ಬಿಚ್ಚಿ ಮತ್ತೆ ಕಟ್ಟಬೇಕು. ಕಟ್ಟುವ ಕೆಲಸ ಮಾತ್ರ ಈ ಔಷಧಿ ನಿಲ್ಲಿಸುತ್ತದೆ. ಒಳಗಿನ ಒತ್ತಡಕ್ಕೆ ಅದು ಒಡೆದು ಹೋಗುತ್ತದೆ. ನಿಮ್ಮ ಅತ್ತೆಯ ಅಜಿತ್ರೊಮೈಸಿನ್ ಗೋಡೆ ಮುಟ್ಟುವುದಿಲ್ಲ, ಅಡುಗೆಮನೆಗೆ ಹೋಗುತ್ತದೆ. ಪ್ರೋಟೀನ್ ತಯಾರಿಸುವ ರೈಬೋಸೋಮ್ ಎಂಬ ಯಂತ್ರದೊಳಗೆ ಸಿಕ್ಕಿಹಾಕಿಕೊಂಡು ಅದನ್ನು ನಿಲ್ಲಿಸುತ್ತದೆ.

ನಮ್ಮ ಜೀವಕೋಶದಲ್ಲೂ ರೈಬೋಸೋಮ್ ಇದೆ. ಆದರೆ ಅದರ ಆಕಾರ ಬೇರೆ, ಅಜಿತ್ರೊಮೈಸಿನ್ ಅಲ್ಲಿ ಕೂರುವುದಿಲ್ಲ. ಅದಕ್ಕೇ ಮಾತ್ರೆ ನುಂಗಿದರೂ ನಾವು ಬದುಕಿರುತ್ತೇವೆ. ವೈರಸ್ ಬಳಸುವುದು ಈ ನಮ್ಮ ರೈಬೋಸೋಮನ್ನೇ. ಅಂದರೆ ಯಾವ ಕಾರಣಕ್ಕೆ ಆ ಔಷಧಿ ನಮಗೆ ತೊಂದರೆ ಕೊಡುವುದಿಲ್ಲವೋ, ಅದೇ ಕಾರಣಕ್ಕೆ ವೈರಸ್‌ಗೂ ಕೊಡುವುದಿಲ್ಲ.

---

ಕುಮಾರ್, ಪೀಣ್ಯ · ರಾತ್ರಿ 11.15

ಹಾಗಾದರೆ ಗಾತ್ರ ಸುಳ್ಳಾ ಮೇಡಂ? ನಾನು ಓದಿದ್ದು ಹಾಗೇ ನೆನಪು.

---

ಶಾರದಾ, ಮಲ್ಲೇಶ್ವರ · ರಾತ್ರಿ 11.30

ಗಾತ್ರದ ವ್ಯತ್ಯಾಸ ನಿಜ ಕುಮಾರ್. ನೆಗಡಿಗೆ ಬಹಳ ಸಲ ಕಾರಣವಾಗುವ ರೈನೋವೈರಸ್‌ಗಳನ್ನು ಸಾಲಾಗಿ ಜೋಡಿಸಿದರೆ, ಒಂದು ನ್ಯುಮೋಕಾಕಸ್ ಬ್ಯಾಕ್ಟೀರಿಯಾದ ಅಡ್ಡಗಲಕ್ಕೆ ಸುಮಾರು 30 ಕೂರುತ್ತವೆ. ಆದರೆ ಔಷಧಿ ಕೆಲಸ ಮಾಡದೇ ಇರಲು ಅದು ಕಾರಣ ಅಲ್ಲ. ಮೈಕೋಪ್ಲಾಸ್ಮಾ ಅಂತ ಒಂದು ಪುಟಾಣಿ ಬ್ಯಾಕ್ಟೀರಿಯಾ ಇದೆ. ಸಿಡುಬಿನ ವೈರಸ್ ಹೆಚ್ಚು ಕಡಿಮೆ ಅದರಷ್ಟೇ ದಪ್ಪ. ಆದರೂ ಅಜಿತ್ರೊಮೈಸಿನ್ ಮೈಕೋಪ್ಲಾಸ್ಮಾಕ್ಕೆ ನಾಟುತ್ತದೆ, ಸಿಡುಬಿಗೆ ನಾಟುವುದಿಲ್ಲ. ಮೈಕೋಪ್ಲಾಸ್ಮಾಕ್ಕೆ ತನ್ನದೇ ರೈಬೋಸೋಮ್ ಇದೆ, ಅಷ್ಟೇ. ಇನ್ನೊಂದು ವಿಷಯ, ಅದಕ್ಕೆ ಗೋಡೆ ಇಲ್ಲ. ಹಾಗಾಗಿ ಅದೇ ಬ್ಯಾಕ್ಟೀರಿಯಾಕ್ಕೆ ಅಮಾಕ್ಸಿಸಿಲಿನ್ ಕೊಟ್ಟರೆ ಏನೂ ಆಗುವುದಿಲ್ಲ. ಹೊಡೆಯುವ ಜಾಗ ಇದೆಯೋ ಇಲ್ಲವೋ, ಅದೇ ಪ್ರಶ್ನೆ.

ಬಣ್ಣದ ಬಗ್ಗೆ ನಾಳೆ ಬರೆಯುತ್ತೇನೆ, ಕಣ್ಣು ಎಳೆಯುತ್ತಿದೆ.

---

ನವೀನ್, ಯಲಹಂಕ · ಗುರುವಾರ ಬೆಳಿಗ್ಗೆ 7.20

ನನಗೂ ಇದೇ ಸಮಸ್ಯೆ. ಬೆಂಗಳೂರಿಗೆ ಬಂದ ಮೇಲೆ ವರ್ಷಪೂರ್ತಿ ನೆಗಡಿ. ಬೆಳಿಗ್ಗೆ ಎದ್ದ ಕೂಡಲೇ ಹತ್ತು ಹದಿನೈದು ಸೀನು, ಕಣ್ಣು ತುರಿಕೆ, ಮಧ್ಯಾಹ್ನದ ಹೊತ್ತಿಗೆ ಸರಿ. ಜ್ವರ ಯಾವತ್ತೂ ಬಂದಿಲ್ಲ. ಈ ವರ್ಷ ನಾಲ್ಕು ಸಲ ಆಂಟಿಬಯೋಟಿಕ್ ಕೋರ್ಸ್ ಮುಗಿಸಿದ್ದೇನೆ, ಪೂರ್ತಿ ಡೋಸ್. ನನ್ನ ವೈರಸ್‌ಗೆ ಯಾವ ಔಷಧಿ ಒಳ್ಳೆಯದು?

---

ಶಾರದಾ, ಮಲ್ಲೇಶ್ವರ · ಬೆಳಿಗ್ಗೆ 8.10

ನವೀನ್, ನೀವು ಹೇಳಿದ್ದರಲ್ಲಿ ವೈರಸ್ಸೂ ಕಾಣುತ್ತಿಲ್ಲ, ಬ್ಯಾಕ್ಟೀರಿಯಾವೂ ಕಾಣುತ್ತಿಲ್ಲ. ತುರಿಕೆ, ಬೆಳಗಿನ ಸೀನು, ಜ್ವರ ಇಲ್ಲದಿರುವುದು, ತಿಂಗಳುಗಟ್ಟಲೆ ಹಾಗೇ ಇರುವುದು ಎಲ್ಲ ಅಲರ್ಜಿಯ ಲಕ್ಷಣ. ನಮ್ಮೂರಿನ ಖಾಲಿ ಸೈಟುಗಳಲ್ಲಿ ಪಾರ್ಥೇನಿಯಂ ಎಷ್ಟು ಬೆಳೆದಿದೆ ನೋಡಿದ್ದೀರಲ್ಲ. ಮನೆಯ ಧೂಳೂ ಇರಬಹುದು. ಇಎನ್‌ಟಿ ಡಾಕ್ಟರ್‌ಗೆ ತೋರಿಸಿ. ನಾಲ್ಕು ಕೋರ್ಸ್ ತಗೊಂಡಿದ್ದೀರಿ ಅಂತ ಅವರಿಗೆ ಮರೆಯದೆ ಹೇಳಿ.

ಈಗ ವಾಣಿ, ಬಣ್ಣದ ವಿಷಯ. ಹಸಿರು ಬರುವುದು ನಮ್ಮ ಮೈಯ ಬಿಳಿ ರಕ್ತಕಣದಿಂದ. ಸೋಂಕಿನ ಜಾಗಕ್ಕೆ ಓಡಿ ಬರುವ ಆ ಕಣಗಳೊಳಗೆ ಕಬ್ಬಿಣ ಇರುವ ಒಂದು ಹಸಿರು ಪ್ರೋಟೀನ್ ಇದೆ. ಕಣಗಳು ಅಲ್ಲೇ ಸತ್ತು ಸಿಂಬಳಕ್ಕೆ ಸೇರುತ್ತವೆ. ವೈರಸ್ ಬಂದರೂ ಅವು ಬರುತ್ತವೆ, ಬ್ಯಾಕ್ಟೀರಿಯಾ ಬಂದರೂ ಬರುತ್ತವೆ. ಹಾಗಾಗಿ ಬಣ್ಣ ನೋಡಿ ಯಾವುದು ಅಂತ ಹೇಳಲು ಆಗುವುದಿಲ್ಲ. ಸಾದಾ ನೆಗಡಿಯಲ್ಲೂ ಮೂರನೇ ನಾಲ್ಕನೇ ದಿನಕ್ಕೆ ನೀರು ದಪ್ಪ ಆಗಿ ಹಳದಿ ಆಗುವುದು ಮಾಮೂಲು.

ಅತ್ತೆಯ ದಿನಗಳನ್ನು ಎಣಿಸೋಣ. ನೆಗಡಿ ಎರಡನೇ ಮೂರನೇ ದಿನ ಜೋರಾಗಿರುತ್ತದೆ. ಅಲ್ಲಿಂದ ಇಳಿಯುತ್ತದೆ. ಒಟ್ಟು ಏಳರಿಂದ ಹತ್ತು ದಿನ, ಕೆಮ್ಮು ಮಾತ್ರ ಕೆಲವರಿಗೆ ಎರಡು ಮೂರು ವಾರ ಎಳೆಯುತ್ತದೆ. ಅವರಿಗೆ ಸೋಮವಾರ ಒಂದನೇ ದಿನ. ಬುಧವಾರ ಮೂರನೇ ದಿನ, ಜಾಸ್ತಿ ಕಷ್ಟ ಆಗಿದ್ದೂ ಅವತ್ತೇ. ಮಾತ್ರೆ ತಗೊಂಡಿದ್ದು ನಾಲ್ಕನೇ ದಿನ ರಾತ್ರಿ, ಅಂದರೆ ಇಳಿಯಲು ಶುರುವಾದ ಮೇಲೆ. ಆರನೇ ದಿನ ಹಗುರ. ಮಾತ್ರೆ ತಗೊಳ್ಳದಿದ್ದರೂ ಶನಿವಾರ ಹೆಚ್ಚು ಕಡಿಮೆ ಹಾಗೇ ಇರುತ್ತಿದ್ದರು. ಜನ ಔಷಧಿ ಹುಡುಕಿಕೊಂಡು ಹೋಗುವುದೇ ತಡೆಯಲಾಗದ ದಿನ. ಅದರ ಮರುದಿನದಿಂದ ನೆಗಡಿ ತಾನೇ ಇಳಿಯುತ್ತದೆ. ಹೆಸರು ಮಾತ್ರೆಗೆ ಹೋಗುತ್ತದೆ. ನಿಮ್ಮ ಅತ್ತೆ ಸುಳ್ಳು ಹೇಳುತ್ತಿಲ್ಲ. ಅವರು ನೋಡಿದ್ದು ನಿಜ. ಆದರೆ ಮಾತ್ರೆ ಇಲ್ಲದೆ ಏನಾಗುತ್ತಿತ್ತು ಅನ್ನುವುದು ಅವರ ಕಣ್ಣಿಗೆ ಕಾಣಲು ಸಾಧ್ಯವಿರಲಿಲ್ಲ.

---

ಸತೀಶ್, ಬನಶಂಕರಿ · ಬೆಳಿಗ್ಗೆ 9.35

ಒಂದು ಪ್ರಶ್ನೆ. ಕೊರೊನಾ ಸಮಯದಲ್ಲಿ ನಮ್ಮ ಅಪಾರ್ಟ್‌ಮೆಂಟ್‌ನಲ್ಲಿ ಎಲ್ಲರಿಗೂ ಇದೇ ಅಜಿತ್ರೊಮೈಸಿನ್ ಕೊಟ್ಟರು. ಅದು ವೈರಸ್ ಅಲ್ವಾ? ಸುಮ್ನೆ ಕೊಟ್ಟರಾ? ಊತ ಇಳಿಸುವ ಗುಣ ಈ ಔಷಧಿಗೆ ಇದೆ ಅಂತಲೂ ಕೇಳಿದ್ದೇನೆ. ನಮ್ಮ ತಂದೆಗೆ ಹಳೆಯ ಶ್ವಾಸಕೋಶದ ಕಾಯಿಲೆ ಇದೆ, ಅವರಿಗೆ ಡಾಕ್ಟರ್ ವಾರಕ್ಕೆ ಮೂರು ದಿನ ಇದನ್ನೇ ಬರೆದಿದ್ದಾರೆ. ಈಗ ನಿಲ್ಲಿಸಬೇಕಾ?

---

ಶಾರದಾ, ಮಲ್ಲೇಶ್ವರ · ಬೆಳಿಗ್ಗೆ 10.20

ಸತೀಶ್, ತಂದೆಯವರ ಮಾತ್ರೆ ನಿಲ್ಲಿಸಲೇಬೇಡಿ. ಅದು ಬೇರೆಯೇ ಲೆಕ್ಕ. ಅಂಥ ಕೆಲವು ರೋಗಿಗಳಲ್ಲಿ ಕಾಯಿಲೆ ಪದೇ ಪದೇ ಉಲ್ಬಣ ಆಗುವುದನ್ನು ಅದು ಕಡಿಮೆ ಮಾಡುತ್ತದೆ. ನೀವು ಹೇಳಿದ ಊತ ಇಳಿಸುವ ಗುಣವೂ ಇದೆ. ಅದು ಡಾಕ್ಟರ್ ತೂಗಿ ನೋಡಿ ಬರೆದದ್ದು.

ಕೊರೊನಾದಲ್ಲಿ ಶುರುವಿಗೆ ಅದೇ ಆಸೆಯಿಂದ ಕೊಟ್ಟರು. ಆಮೇಲೆ ಬ್ರಿಟನ್ನಿನಲ್ಲಿ ರಿಕವರಿ ಅನ್ನುವ ದೊಡ್ಡ ಪರೀಕ್ಷೆ ಆಯಿತು. ಆಸ್ಪತ್ರೆಗೆ ಸೇರಿದ 7,000ಕ್ಕೂ ಹೆಚ್ಚು ಜನ. ಕೆಲವರಿಗೆ ಅಜಿತ್ರೊಮೈಸಿನ್ ಸೇರಿಸಿದರು, ಉಳಿದವರಿಗೆ ಸೇರಿಸಲಿಲ್ಲ. ಸಾವಿನಲ್ಲಿ ವ್ಯತ್ಯಾಸ ಕಾಣಲಿಲ್ಲ. 2021ರಲ್ಲಿ ಅದು ಪ್ರಕಟವಾಯಿತು.

---

ಲಕ್ಷ್ಮಿ, ಬಸವನಗುಡಿ · ಬೆಳಿಗ್ಗೆ 11.45

ಶಾರದಾ ಅವರೇ, ನೀವು ಹೇಳುವುದು ಸರಿ ಇರಬಹುದು, ಆದರೆ ನನಗೆ ಓದುತ್ತಾ ಭಯ ಆಗುತ್ತಿದೆ. ನನ್ನ ತಮ್ಮನಿಗೆ ಹತ್ತು ವರ್ಷ ಇದ್ದಾಗ ಗಂಟಲು ನೋವು ಬಂತು. ಊರಿನಲ್ಲಿ ಎಲ್ಲರೂ "ಶೀತ, ಹೋಗುತ್ತದೆ" ಅಂದರು. ಹೋಯಿತು ಕೂಡ. ಕೆಲವು ವಾರ ಆದ ಮೇಲೆ ಮಂಡಿ ಊದಿತು, ಆಮೇಲೆ ಮೊಣಕೈ. ಬೆಂಗಳೂರಿಗೆ ಕರೆದುಕೊಂಡು ಬಂದಾಗ ಹೃದಯದ ಕವಾಟಕ್ಕೆ ತಗುಲಿದೆ ಎಂದರು. ಅವನಿಗೆ 21 ದಿನಕ್ಕೊಂದು ಪೆನಿಸಿಲಿನ್ ಇಂಜೆಕ್ಷನ್ ವರ್ಷಗಟ್ಟಲೆ ಕೊಡಿಸಿದೆವು. ಆ ದಿನ ಬಂದರೆ ಅವನು ಮನೆಯ ಹಿಂದೆ ಹೋಗಿ ಅಡಗಿಕೊಳ್ಳುತ್ತಿದ್ದ. "ಗಂಟಲಿಗೆ ಆಂಟಿಬಯೋಟಿಕ್ ಬೇಡ" ಅಂತ ಓದಿ ಯಾವ ತಾಯಿಯೂ ಸುಮ್ಮನಾಗಬಾರದು.

---

ಶಾರದಾ, ಮಲ್ಲೇಶ್ವರ · ಮಧ್ಯಾಹ್ನ 12.30

ಲಕ್ಷ್ಮಿ, ಇದನ್ನು ನೀವು ಬರೆದದ್ದು ಒಳ್ಳೆಯದಾಯಿತು. ನಾನೇ ಮೊದಲು ಹೇಳಬೇಕಿತ್ತು. ನಿಮ್ಮ ತಮ್ಮನದು ನೆಗಡಿ ಅಲ್ಲ, ಸ್ಟ್ರೆಪ್ಟೋಕಾಕಸ್ ಎಂಬ ಬ್ಯಾಕ್ಟೀರಿಯಾದ ಗಂಟಲು ಸೋಂಕು. ಅದಕ್ಕೆ ಪೆನಿಸಿಲಿನ್ ಬೇಕೇ ಬೇಕು. ಹೃದಯ ಉಳಿಸುವ ಔಷಧಿ ಅದು.

ಎರಡಕ್ಕೂ ಇರುವ ವ್ಯತ್ಯಾಸ ಮನೆಯಲ್ಲೇ ಸ್ವಲ್ಪ ತಿಳಿಯುತ್ತದೆ. ನೆಗಡಿ ಮೂಗಿನ ಕಾಯಿಲೆ. ಸೀನು, ಸುರಿಯುವ ಮೂಗು, ಕೆಮ್ಮು, ಒಡೆದ ಧ್ವನಿ ಜೊತೆಗಿರುತ್ತವೆ. ಸ್ಟ್ರೆಪ್ ಗಂಟಲಿಗೆ ಇವು ಸಾಮಾನ್ಯವಾಗಿ ಇರುವುದಿಲ್ಲ. ದಿಢೀರನೆ ಜ್ವರ, ಉಗುಳು ನುಂಗಲೂ ಆಗದ ನೋವು, ಕತ್ತಿನ ಮುಂದೆ ಮುಟ್ಟಿದರೆ ನೋಯುವ ಗಂಟು, ಟಾನ್ಸಿಲ್ ಮೇಲೆ ಬಿಳಿ ಮಚ್ಚೆ. ಐದರಿಂದ ಹದಿನೈದು ವರ್ಷದ ಮಕ್ಕಳಲ್ಲಿ ಜಾಸ್ತಿ. ಆದರೆ ನೋಡಿ ಹೇಳುವುದರಲ್ಲಿ ಅನುಭವಿ ಡಾಕ್ಟರ್ ಕೂಡ ತಪ್ಪುತ್ತಾರೆ. ಗಂಟಲಿನ ಸ್ವಾಬ್ ತೆಗೆದು ಕಲ್ಚರ್ ಮಾಡಿದರೆ ಒಂದೆರಡು ದಿನದಲ್ಲಿ ತಿಳಿಯುತ್ತದೆ. ಮೂಗು ಸುರಿಯದೆ ಗಂಟಲು ಮಾತ್ರ ನೋಯುವ ಮಗುವನ್ನು ಡಾಕ್ಟರ್‌ಗೆ ತೋರಿಸಲೇಬೇಕು.

---

ಮಂಜುನಾಥ, ಫಾರ್ಮಸಿಸ್ಟ್ · ಮಧ್ಯಾಹ್ನ 3.10

ನಾನು ಕೌಂಟರ್ ಹಿಂದೆ ನಿಲ್ಲುವವನು. ಸ್ಟ್ರಿಪ್ ಹಿಂದೆ ಉದ್ದಕ್ಕೆ ಒಂದು ಕೆಂಪು ಗೆರೆ ಇರುತ್ತದೆ. ಅದು ಇದ್ದರೆ ಚೀಟಿ ಇಲ್ಲದೆ ಕೊಡುವ ಹಾಗಿಲ್ಲ. ನಿಯಮ ಅದು. ಆದರೆ ಜನ ಬಂದು ಕೇಳುವುದು "ಅಣ್ಣ, ಶೀತಕ್ಕೆ ಒಂದು ಸೆಟ್ ಕೊಡು, ಬೇಗ ಹೋಗಬೇಕು, ನಾಳೆ ಡ್ಯೂಟಿ ಇದೆ" ಅಂತ. ಇಲ್ಲ ಅಂದರೆ ಎದುರು ಅಂಗಡಿಗೆ ಹೋಗುತ್ತಾರೆ. ಡಾಕ್ಟರ್ ಫೀಸ್, ಅರ್ಧ ದಿನದ ಕೂಲಿ, ಎರಡೂ ಹೋಗುತ್ತದೆ ಅವರಿಗೆ. ನಾನು ಕೊಡುವುದಿಲ್ಲ. ಆದರೆ ಕೇಳುವವರ ಮೇಲೆ ನನಗೆ ಕೋಪ ಬರುವುದಿಲ್ಲ. ಇದಕ್ಕೆ ಏನು ಮಾಡಬೇಕು ಅಂತ ನನಗೆ ಇನ್ನೂ ಹೊಳೆದಿಲ್ಲ.

---

ಕುಮಾರ್, ಪೀಣ್ಯ · ಸಂಜೆ 6.30

ಬಣ್ಣದ ವಿಷಯ ನಾನು ತಪ್ಪು ತಿಳಿದಿದ್ದೆ, ಒಪ್ಪುತ್ತೇನೆ. ಆದರೂ ಒಂದು ಮಾತು. ಕೆಲಸ ಮಾಡದಿದ್ದರೆ ಬೇಡ, ಕೆಟ್ಟದ್ದಂತೂ ಮಾಡುವುದಿಲ್ಲವಲ್ಲ? ಎರಡು ಮಾತ್ರೆಯಿಂದ ಏನಾಗುತ್ತದೆ?

---

ಶಾರದಾ, ಮಲ್ಲೇಶ್ವರ · ರಾತ್ರಿ 8.15

ಬೇರೆ ಔಷಧಿಗಳಾದರೆ ನೀವು ಹೇಳಿದ್ದು ಒಪ್ಪಬಹುದಿತ್ತು ಕುಮಾರ್. ಇಲ್ಲಿ ಆಗುವುದಿಲ್ಲ. ನಮ್ಮ ಬಾಯಿ, ಮೂಗು, ಕರುಳಿನಲ್ಲಿ ಬ್ಯಾಕ್ಟೀರಿಯಾ ಯಾವಾಗಲೂ ಇರುತ್ತವೆ. ನೆಗಡಿಗೆ ಅಜಿತ್ರೊಮೈಸಿನ್ ನುಂಗಿದರೆ ವೈರಸ್‌ಗೆ ಏನೂ ಆಗದು, ಆದರೆ ಇವುಗಳಿಗೆ ಏಟು ಬೀಳುತ್ತದೆ. ಸಾಯದೆ ಉಳಿಯುವುದು ಔಷಧಿ ನಾಟದಂಥವು. ಖಾಲಿಯಾದ ಜಾಗದಲ್ಲಿ ಅವೇ ತುಂಬಿಕೊಳ್ಳುತ್ತವೆ.

ಇದನ್ನು ಬೆಲ್ಜಿಯಂನಲ್ಲಿ ಅಳೆದಿದ್ದಾರೆ, 2007ರಲ್ಲಿ ಪ್ರಕಟವಾಯಿತು. ಆರೋಗ್ಯವಂತ 200ಕ್ಕೂ ಹೆಚ್ಚು ಜನರಲ್ಲಿ ಒಂದು ಗುಂಪಿಗೆ ಇದೇ ಅಜಿತ್ರೊಮೈಸಿನ್ ಮೂರು ದಿನ, ಇನ್ನೊಂದಕ್ಕೆ ಅದೇ ಜಾತಿಯ ಬೇರೆ ಔಷಧಿ, ಉಳಿದವರಿಗೆ ಖಾಲಿ ಮಾತ್ರೆ. ಆಮೇಲೆ ಗಂಟಲಿನ ಸ್ಟ್ರೆಪ್ಟೋಕಾಕಸ್‌ಗಳನ್ನು ನೋಡುತ್ತಾ ಹೋದರು. ಔಷಧಿ ತಗೊಂಡವರಲ್ಲಿ ನಾಟದ ಬ್ಯಾಕ್ಟೀರಿಯಾಗಳ ಪಾಲು ಕೆಲವೇ ದಿನದಲ್ಲಿ ಮೇಲೇರಿತು. ಆರು ತಿಂಗಳು ಆದರೂ ಖಾಲಿ ಮಾತ್ರೆ ತಗೊಂಡವರಿಗಿಂತ ಜಾಸ್ತಿಯೇ ಇತ್ತು. ಮೂರು ಮಾತ್ರೆಗೆ ಆರು ತಿಂಗಳು.

ನನ್ನ ಲ್ಯಾಬಿನ ಮೊದಲ ವರ್ಷಗಳಲ್ಲಿ ಅಗಲವಾಗಿ ಬರುತ್ತಿದ್ದ ಬೋಳು ವೃತ್ತಗಳು, ಕೊನೆಯ ವರ್ಷಗಳಲ್ಲಿ ಬಿಲ್ಲೆಯ ಅಂಚಿನವರೆಗೂ ಮುಚ್ಚಿಕೊಂಡಿದ್ದನ್ನು ಎಷ್ಟೋ ಸಲ ನೋಡಿದ್ದೇನೆ. ಸ್ಕೇಲ್ ಇಟ್ಟರೆ 6 ಮಿಲಿಮೀಟರ್, ಅಂದರೆ ಕಾಗದದ ಅಗಲ ಮಾತ್ರ. ಅಂಥ ರಿಪೋರ್ಟ್ ಬರೆಯುವಾಗ ಕೈ ಭಾರ ಆಗುತ್ತಿತ್ತು. ವಾರ್ಡಿನಲ್ಲಿ ಯಾರೋ ಅದಕ್ಕಾಗಿ ಕಾಯುತ್ತಿರುತ್ತಿದ್ದರು.

---

ವಾಣಿ, ವಿಜಯನಗರ · ಭಾನುವಾರ ಸಂಜೆ 5.00

ಎಲ್ಲರಿಗೂ ಧನ್ಯವಾದ. ಮಾತ್ರೆ ಕೊಡಲಿಲ್ಲ. ಶುಕ್ರವಾರ ಐದನೇ ದಿನ, ಮಗನ ಮೂಗು ಬಿಟ್ಟಿತ್ತು, ಊಟ ಸರಿಯಾಗಿ ಮಾಡಿದ. ಅತ್ತೆಗೂ ಸಮಾಧಾನ ಆಗಿತ್ತು. ಆದರೆ ನಿನ್ನೆ ರಾತ್ರಿ ಕಿವಿ ಹಿಡಿದುಕೊಂಡು ಅಳಲು ಶುರು ಮಾಡಿದ. ಜ್ವರ 102.5. ಬೆಳಿಗ್ಗೆ ಡಾಕ್ಟರ್ ಕಿವಿಯೊಳಗೆ ಲೈಟ್ ಬಿಟ್ಟು ನೋಡಿ, ತಮಟೆ ಕೆಂಪಾಗಿ ಉಬ್ಬಿದೆ ಅಂದು ಅಮಾಕ್ಸಿಸಿಲಿನ್ ಬರೆದರು. ಅತ್ತೆ ಏನೂ ಬೈಯಲಿಲ್ಲ. "ಅವತ್ತೇ ಕೊಟ್ಟಿದ್ದರೆ ಮಗು ಹೀಗೆ ಅಳಬೇಕಿತ್ತಾ?" ಅಂತ ಮಾತ್ರ ಕೇಳಿದರು. ನನಗೂ ಹೊಟ್ಟೆಯಲ್ಲಿ ಸಂಕಟ ಆಗುತ್ತಿದೆ.

---

ಶಾರದಾ, ಮಲ್ಲೇಶ್ವರ · ಸಂಜೆ 5.40

ವಾಣಿ, ನೀವು ತಪ್ಪು ಮಾಡಿಲ್ಲ. ಇಳಿದ ಮೇಲೆ ಮತ್ತೆ ಏರುವುದು, ಇದೇ ಬ್ಯಾಕ್ಟೀರಿಯಾ ಸೇರಿರಬಹುದು ಅನ್ನುವ ಗುರುತು. ಮೂಗಿನ ಹಿಂಭಾಗದಿಂದ ಕಿವಿಗೆ ಒಂದು ಸಣ್ಣ ನಳಿಕೆ ಇದೆ. ನೆಗಡಿಯಲ್ಲಿ ಅದು ಊದಿ ಮುಚ್ಚಿಕೊಳ್ಳುತ್ತದೆ. ಕಿವಿಯ ತಮಟೆಯ ಹಿಂದೆ ನೀರು ನಿಲ್ಲುತ್ತದೆ. ಮೂಗಿನಲ್ಲಿ ತೆಪ್ಪಗಿದ್ದ ಬ್ಯಾಕ್ಟೀರಿಯಾ ಆ ನಿಂತ ನೀರಿನಲ್ಲಿ ಬೆಳೆಯುತ್ತದೆ. ಈಗ ಹೊಡೆಯಲು ಗೋಡೆ ಇದೆ, ಅದಕ್ಕೇ ಈಗ ಅಮಾಕ್ಸಿಸಿಲಿನ್.

ಅವತ್ತೇ ಅರ್ಧ ಮಾತ್ರೆ ಕೊಟ್ಟಿದ್ದರೆ ತಪ್ಪುತ್ತಿತ್ತು ಅಂತ ನಂಬಲು ಆಧಾರ ಇಲ್ಲ. ನಳಿಕೆ ಊದಿಸಿದ್ದು ವೈರಸ್, ಅದನ್ನು ಮಾತ್ರೆ ತಡೆಯುತ್ತಿರಲಿಲ್ಲ. ಮೇಲಾಗಿ ಕಿವಿಗೆ ಬರುವ ಬ್ಯಾಕ್ಟೀರಿಯಾಗಳ ಮೇಲೆ ಅಮಾಕ್ಸಿಸಿಲಿನ್‌ನಷ್ಟು ಭರವಸೆ ಅಜಿತ್ರೊಮೈಸಿನ್ ಮೇಲೆ ಇಲ್ಲ. ಡಾಕ್ಟರ್ ಹೇಳಿದಷ್ಟು ದಿನ ಪೂರ್ತಿ ಕೊಡಿ. ಎರಡು ಮೂರು ದಿನದಲ್ಲಿ ಜ್ವರ ಇಳಿಯದಿದ್ದರೆ ಅಥವಾ ಕಿವಿಯ ಹಿಂದೆ ಊತ ಬಂದರೆ ತಕ್ಷಣ ಹೋಗಿ. ನೋವಿಗೆ ಪ್ಯಾರಾಸಿಟಮಾಲ್ ಕೊಡಲು ಹಿಂಜರಿಯಬೇಡಿ.

---

ವಾಣಿ, ವಿಜಯನಗರ · ಮಂಗಳವಾರ ರಾತ್ರಿ 9.15

ಜ್ವರ ನಿನ್ನೆ ಮಧ್ಯಾಹ್ನವೇ ಬಿಟ್ಟಿತು. ಇವತ್ತು ಕಿವಿ ನೋವೂ ಇಲ್ಲ, ಸ್ಕೂಲಿಗೆ ಹೋಗುತ್ತೇನೆ ಎಂದು ಹಟ. ಸಿರಪ್ ಮುಂದುವರಿಸುತ್ತಿದ್ದೇನೆ.

ನಿಮ್ಮ ಉತ್ತರಗಳನ್ನೆಲ್ಲ ಅತ್ತೆಗೆ ಓದಿ ಹೇಳಿದೆ. ಮೌನವಾಗಿ ಕೇಳಿಸಿಕೊಂಡರು. ಆಮೇಲೆ ಒಂದು ಪ್ರಶ್ನೆ ಕೇಳಿದರು, ನಿಮಗೇ ಕೇಳು ಅಂದರು. "ಮಗುವಿಗೆ ಕಿವಿಯಲ್ಲಿ ಬ್ಯಾಕ್ಟೀರಿಯಾ ಸೇರಿತು ಅಂತೀರಿ. ನನಗೆ ಮೂಗಿನಲ್ಲಿ ಸೇರಿರಲಿಲ್ಲ ಅಂತ ನೀವು ಹೇಗೆ ಹೇಳುತ್ತೀರಿ?"

---

ಶಾರದಾ, ಮಲ್ಲೇಶ್ವರ · ರಾತ್ರಿ 9.50

ಅಮ್ಮನವರಿಗೆ ನನ್ನ ನಮಸ್ಕಾರ ಹೇಳಿ. ಖಂಡಿತವಾಗಿ ಸೇರಿರಲಿಲ್ಲ ಅಂತ ನಾನು ಹೇಳಲಾರೆ. ಅವರ ಮೂಗಿನಿಂದ ಯಾರೂ ಸ್ವಾಬ್ ತೆಗೆದಿಲ್ಲ. ತೆಗೆದಿದ್ದರೂ ಅಲ್ಲಿ ಸುಮ್ಮನೆ ವಾಸವಾಗಿರುವ ಬ್ಯಾಕ್ಟೀರಿಯಾ ಬೆಳೆದು ನಮಗೆ ಗೊಂದಲವೇ ಆಗುತ್ತಿತ್ತು. ನನ್ನ ಹತ್ತಿರ ಇರುವುದು ದಿನಗಳ ಲೆಕ್ಕ ಮಾತ್ರ. ಹತ್ತು ದಿನ ಕಳೆದರೂ ಇಳಿಯದಿದ್ದರೆ, ಇಳಿದು ಮತ್ತೆ ಏರಿದ್ದರೆ, ಅಥವಾ ಶುರುವಿನಿಂದಲೇ ಜೋರು ಜ್ವರ ಮೂರು ನಾಲ್ಕು ದಿನ ಬಿಡದಿದ್ದರೆ ಬ್ಯಾಕ್ಟೀರಿಯಾ ಅಂತ ಅನುಮಾನ ಪಡುತ್ತಿದ್ದೆ. ಅವರಿಗೆ ಈ ಮೂರೂ ಇರಲಿಲ್ಲ.

ಆ ಒಂದು ಮಾತ್ರೆ ಇನ್ನೂ ಫ್ರಿಜ್ ಮೇಲೇ ಇದೆಯಾ?

---

ವಾಣಿ, ವಿಜಯನಗರ · ರಾತ್ರಿ 10.05

ಇಲ್ಲ. ಅತ್ತೆ ನಿನ್ನೆ ಅದನ್ನು ತಗೊಂಡು ಹೋಗಿ ಅಂಗಡಿಯವರಿಗೇ ವಾಪಸ್ ಕೊಡಲು ನೋಡಿದರಂತೆ. ಕತ್ತರಿಸಿದ ಸ್ಟ್ರಿಪ್ ತಗೊಳ್ಳುವುದಿಲ್ಲ ಎಂದರಂತೆ. ಈಗ ಅವರ ಪರ್ಸ್‌ನಲ್ಲಿದೆ. ಇದನ್ನು ಎಲ್ಲಿ ಹಾಕಬೇಕು? ಕಸದ ಗಾಡಿಗೆ ಕೊಡಬಹುದಾ? ಮಂಜುನಾಥ ಅವರೇ, ಗೊತ್ತಿದ್ದರೆ ತಿಳಿಸಿ.